ಜಿಲ್ಲಾ ಚೆಸ್ ಟೂರ್ನಿಯಲ್ಲಿ ವಂದನಾರ್ಪಣೆ: ಮೂರು ನಿಮಿಷದ ಮಾತನ್ನು ಸಿದ್ಧ ಮಾಡುವ ಕ್ರಮ

ಕೊಡಗಿನ ಚೆಸ್ ಟೂರ್ನಿಗಳಲ್ಲಿ ವಂದನಾರ್ಪಣೆ ಮಾಡುವವರು ಮತ್ತೆ ಮತ್ತೆ ಒಂದೇ ಕಡೆ ಎಡವುತ್ತಾರೆ. ಕೊನೆಯ ಸುತ್ತು ಮುಗಿದ ಮೇಲೆ ಯಾರೋ ಬಂದು "ನೀವೇ ಒಂದೆರಡು ಮಾತಾಡಿಬಿಡಿ" ಅನ್ನುತ್ತಾರೆ. ಕೈಗೆ ಸಿಗುವುದು ಆಮಂತ್ರಣ ಪತ್ರಿಕೆ ಮಾತ್ರ. ಅದರಲ್ಲಿರುವ ಹೆಸರುಗಳನ್ನು ಮೇಲಿಂದ ಕೆಳಕ್ಕೆ ಓದುತ್ತಾರೆ. ಬಾರದವರಿಗೂ ಧನ್ಯವಾದ ಹೋಗುತ್ತದೆ, ಬೆಳಗ್ಗೆ ಆರಕ್ಕೆ ಬಂದು ಮೇಜು ಜೋಡಿಸಿದವರ ಹೆಸರು ಬಿಟ್ಟುಹೋಗುತ್ತದೆ. ಅಷ್ಟರಲ್ಲಿ ಅರ್ಧ ಸಭಾಂಗಣ ಖಾಲಿ.

ಈ ಮಾತನ್ನು ವೇದಿಕೆಯ ಮೇಲೆ ನಿಂತು ಹುಟ್ಟಿಸಲು ಆಗುವುದಿಲ್ಲ. ದಿನವಿಡೀ, ಸುತ್ತಿನಿಂದ ಸುತ್ತಿಗೆ ಕಟ್ಟಿಕೊಳ್ಳಬೇಕು. ಹೇಗೆ ಅನ್ನುವುದಕ್ಕೆ ಒಂದು ಉದಾಹರಣೆ ಇಟ್ಟುಕೊಳ್ಳೋಣ. ಮಡಿಕೇರಿಯ ಒಂದು ಶಾಲೆಯ ಸಭಾಂಗಣ, ಭಾನುವಾರ, 120 ಆಟಗಾರರು, 60 ಬೋರ್ಡ್. ಸೋತವರೂ ಎಲ್ಲ ಸುತ್ತು ಆಡುವ ಸ್ವಿಸ್ ಪದ್ಧತಿಯಲ್ಲಿ 6 ಸುತ್ತಿನ ರ‍್ಯಾಪಿಡ್ ಪಂದ್ಯಾವಳಿ. ಒಬ್ಬೊಬ್ಬರಿಗೂ 15 ನಿಮಿಷ, ಪ್ರತಿ ನಡೆಗೆ 5 ಸೆಕೆಂಡ್ ಹೆಚ್ಚುವರಿ. ಒಟ್ಟು 30 ಟ್ರೋಫಿ. ಒಂಬತ್ತೂವರೆಗೆ ಶುರುವಾದರೆ ಊಟದ ಬಿಡುವು ಸೇರಿ ಕೊನೆಯ ಸುತ್ತು ಮುಗಿಯುವಾಗ ಸಂಜೆ ನಾಲ್ಕು ದಾಟಿರುತ್ತದೆ.

## ಬೇಕಾಗುವ ಸಾಮಾನು

ಜೇಬಿಗೆ ಹಿಡಿಸುವ ಒಂದು ಪುಸ್ತಕ, ಪೆನ್ನು, ಪೆನ್ಸಿಲ್, ಆಮಂತ್ರಣ ಪತ್ರಿಕೆ, ಕೊನೆಗೆ ಓದಲು ಎರಡು ಗಟ್ಟಿ ಹಾಳೆ. ಇಷ್ಟೇ ಸಾಕು. ಫೋನ್ ನೋಡಿಕೊಂಡು ಓದಬೇಡಿ. ಸಂಜೆ ಹೊತ್ತಿಗೆ ಚಾರ್ಜ್ ಇರುವುದಿಲ್ಲ, ಇದ್ದರೂ ಮಾತಿನ ನಡುವೆ ಕರೆ ಬರುತ್ತದೆ. ಹಾಳೆಯ ಒಂದೇ ಬದಿಗೆ, ದೊಡ್ಡ ಅಕ್ಷರದಲ್ಲಿ, ಸಾಲಿನ ನಡುವೆ ಜಾಗ ಬಿಟ್ಟು ಬರೆಯಿರಿ. ಮಳೆಗಾಲದಲ್ಲಿ ಮಡಿಕೇರಿಯ ಸಭಾಂಗಣಗಳಲ್ಲಿ ನಾಲ್ಕು ಗಂಟೆಗೇ ಮಬ್ಬು ಕವಿಯುತ್ತದೆ. ಕರೆಂಟ್ ಹೋದರೆ ಸಣ್ಣ ಅಕ್ಷರ ಕಾಣುವುದೇ ಇಲ್ಲ.

## ಹಂತ 1: ಮಾತಿನ ಜಾಗ ಮೊದಲೇ ಗೊತ್ತು ಮಾಡಿಕೊಳ್ಳಿ

ಟೂರ್ನಿಯ ಹಿಂದಿನ ದಿನವೇ ಸಂಘಟಕರನ್ನು ಕೇಳಿ: ವಂದನಾರ್ಪಣೆ ಬಹುಮಾನ ವಿತರಣೆಗೆ ಮೊದಲೋ, ಆಮೇಲೋ?

ನಮ್ಮ ಕಾರ್ಯಕ್ರಮಗಳಲ್ಲಿ ಅದು ಕೊನೆಗೆ, ರಾಷ್ಟ್ರಗೀತೆಗೆ ಸ್ವಲ್ಪ ಮೊದಲು ಬರುತ್ತದೆ. ಚೆಸ್ ಟೂರ್ನಿಗೆ ಈ ಕ್ರಮ ಅಷ್ಟು ಹೊಂದುವುದಿಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಕೊನೆಯ ಫಲಿತಾಂಶ ಬಂದ ಮೇಲೆ ತೀರ್ಪುಗಾರರಿಗೆ, ಅಂದರೆ ಆರ್ಬಿಟರ್‌ಗಳಿಗೆ ಅಂತಿಮ ಪಟ್ಟಿ ತೆಗೆಯಲು, ವಯೋವರ್ಗಗಳನ್ನು ಬೇರೆ ಮಾಡಲು, ಬಹುಮಾನದ ಹೆಸರು ತಾಳೆ ನೋಡಲು ಸಮಯ ಬೇಕು. ಆ ಹೊತ್ತಿನಲ್ಲಿ ಎಲ್ಲರೂ ಕುರ್ಚಿಯಲ್ಲೇ ಇರುತ್ತಾರೆ, ಯಾಕೆಂದರೆ ಟ್ರೋಫಿ ಇನ್ನೂ ಮೇಜಿನ ಮೇಲಿದೆ. ಅತಿಥಿಗಳ ಮಾತಾದ ಕೂಡಲೇ ವಂದನಾರ್ಪಣೆ ಇಟ್ಟು, ಆಮೇಲೆ ಬಹುಮಾನ ಕೊಟ್ಟು, ರಾಷ್ಟ್ರಗೀತೆಯೊಂದಿಗೆ ಮುಗಿಸಿದರೆ ನಿಮ್ಮ ಮಾತು ಕೇಳುವವರು ಇರುತ್ತಾರೆ.

ಸಂಘಟಕರು ಒಪ್ಪದೆ ಕೊನೆಗೇ ಇಟ್ಟರೆ ಜಗಳ ಬೇಡ. ಆದರೆ ಆಗ ನಿಮಗೆ ಸಿಗುವುದು ಒಂದೂವರೆ ನಿಮಿಷ ಎಂದು ಲೆಕ್ಕ ಹಾಕಿ. ಕೊಡಗಿಗೆ ರೈಲಿಲ್ಲ. ನಾಪೋಕ್ಲು, ಸೋಮವಾರಪೇಟೆ, ಪೊನ್ನಂಪೇಟೆ ಕಡೆಯಿಂದ ಬಂದವರು ಬಸ್ಸನ್ನೋ ಬಾಡಿಗೆ ಜೀಪನ್ನೋ ನಂಬಿರುತ್ತಾರೆ. ಕತ್ತಲಾಗುವ ಮುಂಚೆ ಘಟ್ಟದ ರಸ್ತೆ ದಾಟಬೇಕು ಅನ್ನುವ ಆತಂಕ ಅವರದು. ಹಾಗಾಗಿ ಮೂರು ನಿಮಿಷದ್ದೊಂದು, ಒಂದೂವರೆ ನಿಮಿಷದ್ದೊಂದು, ಹೀಗೆ ಎರಡು ಬಗೆಯಲ್ಲಿ ತಯಾರಾಗಿರಿ. ಮೂರು ನಿಮಿಷದ ಮಾತಿನಲ್ಲೇ ಬಿಡಬಹುದಾದ ಸಾಲುಗಳ ಪಕ್ಕ ಪೆನ್ಸಿಲ್ ಗೆರೆ ಎಳೆದುಕೊಂಡರೆ ಎರಡನೆಯದು ತಾನೇ ಸಿದ್ಧವಾಗುತ್ತದೆ.

## ಹಂತ 2: ಸುತ್ತು ನಡೆಯುವಾಗ ಹೆಸರು ಕೂಡಿಸಿ

ನಿಜವಾದ ಕೆಲಸ ಇರುವುದು ಇಲ್ಲಿ. ಪುಸ್ತಕದಲ್ಲಿ ಒಂದು ಹೆಸರಿಗೆ ಒಂದು ಸಾಲು. ಪ್ರತಿ ಸಾಲಿನಲ್ಲಿ ಮೂರು ಸಂಗತಿ: ಹೆಸರು, ಅವರು ಯಾರು, ಇವತ್ತು ಏನು ಮಾಡಿದರು. ಮೂರನೆಯದು ಖಾಲಿ ಉಳಿದರೆ ನಿಮ್ಮ ಮಾತು ಬರೀ ಹಾಜರಿ ಪಟ್ಟಿ ಆಗುತ್ತದೆ.

ಯಾವಾಗ ಯಾರನ್ನು ಕೇಳಬೇಕು ಅನ್ನುವುದಕ್ಕೆ ಒಂದು ಕ್ರಮವಿದೆ. ಮೊದಲ ಸುತ್ತಿಗೂ ಮುಂಚೆ, ಸಭಾಂಗಣದ ಬಾಗಿಲು ತೆರೆದವರು, ಮೇಜು ಕುರ್ಚಿ ಹಾಕಿದವರು, ನೋಂದಣಿ ಮೇಜಿನಲ್ಲಿ ಕೂತವರು ಯಾರೆಂದು ನೋಡಿಕೊಳ್ಳಿ. ಮಧ್ಯಾಹ್ನ ಇವರಲ್ಲಿ ಅರ್ಧ ಜನ ಕಣ್ಣಿಗೇ ಬೀಳುವುದಿಲ್ಲ. ಬೋರ್ಡು, ಗಡಿಯಾರ ಎಲ್ಲಿಂದ ಬಂದವು ಎಂದು ವಿಚಾರಿಸಿ. 60 ಬೋರ್ಡು ಒಂದೇ ಕಡೆ ಇರುವುದು ಅಪರೂಪ. ಸಾಮಾನ್ಯವಾಗಿ ಒಂದಷ್ಟು ಶಾಲೆಯವು, ಉಳಿದವು ತರಬೇತಿ ಕೊಡುವವರು ಎರವಲು ಕೊಟ್ಟವು. ಎರವಲು ಕೊಟ್ಟವರ ಹೆಸರು ಆಮಂತ್ರಣ ಪತ್ರಿಕೆಯಲ್ಲಿ ಇರುವುದೇ ಇಲ್ಲ.

ಮುಖ್ಯ ಆರ್ಬಿಟರ್ ಬಳಿ ಮಾತಾಡುವುದಕ್ಕೆ ಸರಿಯಾದ ಹೊತ್ತು ಬೇಕು. ಎರಡು ಸುತ್ತುಗಳ ನಡುವೆ ಹೋಗಲೇಬೇಡಿ. ಅವರು ಆಗ ಫಲಿತಾಂಶದ ಚೀಟಿಗಳನ್ನು Swiss-Manager ಎಂಬ ತಂತ್ರಾಂಶದಲ್ಲಿ ತುಂಬಿಸಿ ಮುಂದಿನ ಜೋಡಿ ಪಟ್ಟಿ ತೆಗೆಯುತ್ತಿರುತ್ತಾರೆ. ಒಂದು ಫಲಿತಾಂಶ ತಪ್ಪಾಗಿ ಒತ್ತಿದರೆ ಇಡೀ ಸುತ್ತಿನ ಜೋಡಿಗಳು ಹಾಳಾಗುತ್ತವೆ. ಸುತ್ತಿನ ಕೊನೆಯ ಐದು ನಿಮಿಷವೂ ಬೇಡ. ಗಡಿಯಾರ ಓಡಿ ಸಮಯ ಮುಗಿಯುವ, ಕೈ ಎತ್ತಿ ಕರೆಯುವ ಹೊತ್ತದು. ಮೂರನೇ ಅಥವಾ ನಾಲ್ಕನೇ ಸುತ್ತು ಶುರುವಾಗಿ ಏಳೆಂಟು ನಿಮಿಷ ಆದ ಮೇಲೆ, ಆಟದ ಅಂಗಳದ ಹೊರಗೆ ಕರೆದು ಕೇಳಿ. ಸಹ ಆರ್ಬಿಟರ್‌ಗಳ ಹೆಸರು, ಎಲ್ಲಿಂದ ಬಂದರು, ಅವರ ಪದನಾಮ ಏನು ಎಂದು ಅವರ ಕೈಯಲ್ಲೇ ಬರೆಸಿಕೊಳ್ಳಿ.

ಪದನಾಮವನ್ನು ಅಂದಾಜಿನಲ್ಲಿ ಹೇಳಬಾರದು. ಫಿಡೆ ಅಂದರೆ ವಿಶ್ವ ಚೆಸ್ ಒಕ್ಕೂಟ. ಫಿಡೆ ಆರ್ಬಿಟರ್ ಬೇರೆ, ಇಂಟರ್‌ನ್ಯಾಷನಲ್ ಆರ್ಬಿಟರ್ ಬೇರೆ, ರಾಷ್ಟ್ರಮಟ್ಟದ ಪರೀಕ್ಷೆ ಪಾಸಾದವರು ಬೇರೆ. ಗೌರವ ಕೊಡುವ ಉತ್ಸಾಹದಲ್ಲಿ ಎಲ್ಲರನ್ನೂ "ಅಂತರರಾಷ್ಟ್ರೀಯ ತೀರ್ಪುಗಾರರು" ಅಂದರೆ, ಆ ಪದವಿ ಇಲ್ಲದವರಿಗೆ ವೇದಿಕೆಯಲ್ಲೇ ಮುಜುಗರ. ಟೂರ್ನಿಗೂ ಇದೇ ಮಾತು. ಇದು ಫಿಡೆ ರೇಟಿಂಗ್ ಟೂರ್ನಿಯೋ ಅಲ್ಲವೋ, ರಾಜ್ಯ ಮಟ್ಟಕ್ಕೆ ಆಯ್ಕೆ ಇಲ್ಲಿಂದ ಆಗುತ್ತದೋ ಇಲ್ಲವೋ ಎಂದು ಕೇಳಿ ತಿಳಿದುಕೊಳ್ಳಿ. ಗೊತ್ತಿಲ್ಲದೆ ಮೈಕಿನಲ್ಲಿ ಹೇಳಿದ ಒಂದು ಪದವನ್ನು ಪೋಷಕರು ನಿಜವೆಂದೇ ನಂಬುತ್ತಾರೆ.

ಊಟದ ಬಿಡುವಿನಲ್ಲಿ ಅಡುಗೆಯವರು, ಬಡಿಸಿದವರು, ನೀರಿನ ಕ್ಯಾನ್ ತಂದವರ ಕಡೆ ಹೋಗಿ. ಕರೆಂಟ್ ಹೋದಾಗ ಜನರೇಟರ್ ಹಾಕಿದವರು ಯಾರು ಎಂದೂ ಬರೆದಿಡಿ. ಡಿಜಿಟಲ್ ಗಡಿಯಾರಗಳು ಬ್ಯಾಟರಿಯಲ್ಲಿ ಓಡುತ್ತವೆ, ಆಟ ನಿಲ್ಲುವುದಿಲ್ಲ. ಆದರೆ ಪ್ರಿಂಟರ್ ನಿಂತರೆ ಜೋಡಿ ಪಟ್ಟಿ ಗೋಡೆಗೆ ಬರುವುದಿಲ್ಲ, ದೀಪ ಇಲ್ಲದಿದ್ದರೆ ಮಕ್ಕಳಿಗೆ ಬೋರ್ಡು ಕಾಣುವುದಿಲ್ಲ. ಆ ಜನರೇಟರಿನವರು ಒಂದು ಸುತ್ತನ್ನೇ ಉಳಿಸಿರುತ್ತಾರೆ.

## ಹಂತ 3: ಹೆಸರು ಬಾಯಲ್ಲಿ ಹೇಳಿಸಿಕೊಂಡು ಬರೆಯಿರಿ

ಕೊಡಗಿನಲ್ಲಿ ಇದಕ್ಕೆ ಪ್ರತ್ಯೇಕ ಹಂತವೇ ಬೇಕು. ಇಲ್ಲಿ ಅನೇಕರ ಹೆಸರಿನ ಮುಂದೆ ಮನೆತನದ ಹೆಸರಿರುತ್ತದೆ. ಫೀಲ್ಡ್ ಮಾರ್ಷಲ್ ಕೆ.ಎಂ. ಕಾರ್ಯಪ್ಪ ಅವರ ಹೆಸರಿನ "ಕೆ" ಅಂದರೆ ಕೊಡಂದೇರ, ಅದು ಮನೆತನ. ಆಮಂತ್ರಣ ಪತ್ರಿಕೆಯಲ್ಲಿ ಬರೀ ಇನಿಷಿಯಲ್ ಅಚ್ಚಾಗಿರುತ್ತದೆ. ಊರಿನಲ್ಲಿ ಮಾತ್ರ ಜನ ಮನೆತನ ಹಿಡಿದೇ ಗುರುತಿಸುತ್ತಾರೆ. ಒಂದೇ ಸಭೆಯಲ್ಲಿ ಇಬ್ಬರು ಪೊನ್ನಪ್ಪ, ಮೂವರು ಬೋಪಣ್ಣ ಇರಬಹುದು. ಮನೆತನ ಬಿಟ್ಟರೆ ಧನ್ಯವಾದ ಯಾರಿಗೆ ಹೋಯಿತೆಂದೇ ಗೊತ್ತಾಗುವುದಿಲ್ಲ.

ಮನೆತನದ ಹೆಸರನ್ನು ಓದಿ ಊಹಿಸಬೇಡಿ. ಕೊಡವ ತಕ್ಕಿನ ಕೆಲವು ಸ್ವರಗಳನ್ನು ಕನ್ನಡ ಲಿಪಿ ಪೂರ್ತಿ ಹಿಡಿಯುವುದಿಲ್ಲ. ಇಂಗ್ಲಿಷ್ ಅಕ್ಷರದಲ್ಲಿದ್ದರೆ ದೀರ್ಘ, ಹ್ರಸ್ವ ಎಲ್ಲ ಕಲಸಿಹೋಗಿರುತ್ತವೆ. ನೇರವಾಗಿ ಕೇಳಿ: "ಸರ್, ನಿಮ್ಮ ಹೆಸರನ್ನು ಮೈಕಿನಲ್ಲಿ ಹೇಗೆ ಹೇಳಲಿ?" ಅವರು ಹೇಳಿದ್ದನ್ನು ನಿಮಗೆ ಅರ್ಥವಾಗುವ ಹಾಗೆ ಬರೆದು, ಅವರ ಎದುರೇ ಒಮ್ಮೆ ಓದಿ. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ, ಖುಷಿಯೇ ಪಡುತ್ತಾರೆ. ಅರೆಭಾಷೆಯ ಗೌಡ ಮನೆತನಗಳು, ಬ್ಯಾರಿ ಮತ್ತು ಮಲಯಾಳಂ ಮನೆಮಾತಿನವರ ಹೆಸರುಗಳಿಗೂ ಹೀಗೇ ಮಾಡಿ.

## ಹಂತ 4: ಯಾರ ಹಿಂದೆ ಯಾರು

ಅಧ್ಯಕ್ಷತೆ ವಹಿಸಿದವರು ಮತ್ತು ಮುಖ್ಯ ಅತಿಥಿಗಳು ಮೊದಲು. ಇದು ಸಭೆಯ ಮರ್ಯಾದೆ, ಮುರಿಯಬೇಡಿ. ಅವರಾದ ಮೇಲೆ ಹೆಚ್ಚಿನವರು ಪ್ರಾಯೋಜಕರ ಉದ್ದ ಪಟ್ಟಿಗೆ ಇಳಿಯುತ್ತಾರೆ. ನಾನಾದರೆ ಆರ್ಬಿಟರ್‌ಗಳನ್ನು ಎರಡನೇ ಜಾಗಕ್ಕೆ ತರುತ್ತೇನೆ. ಚೆಸ್‌ನಲ್ಲಿ ತೀರ್ಪುಗಾರರ ಕೆಲಸ ಯಾರ ಕಣ್ಣಿಗೂ ಬೀಳುವುದಿಲ್ಲ. ಹಾಕಿಯ ಹಾಗೆ ಸೀಟಿ ಇಲ್ಲ, ಕಾರ್ಡ್ ಇಲ್ಲ. ಮುಟ್ಟಿದ ಕಾಯಿಯನ್ನೇ ನಡೆಸಬೇಕು ಎಂಬ ನಿಯಮಕ್ಕೆ ಎಂಟು ವರ್ಷದ ಹುಡುಗಿ ಅಳುತ್ತಾ ನಿಂತಾಗ, ಅವಳನ್ನೂ ಸಮಾಧಾನ ಮಾಡಿ ನಿಯಮವನ್ನೂ ಬಿಡದವರು ಅವರು. ಅವರ ಆ ಕೆಲಸವನ್ನು ಸಭೆಗೆ ತೋರಿಸುವ ಅವಕಾಶ ಇರುವುದು ನಿಮ್ಮ ಮಾತಿಗೆ ಮಾತ್ರ.

ಆಮೇಲೆ ಜಾಗ ಕೊಟ್ಟ ಶಾಲೆ, ಪ್ರಾಯೋಜಕರು, ಬೋರ್ಡು ಕೊಟ್ಟವರು, ಊಟ, ಜನರೇಟರ್, ಮೈಕ್, ಸ್ವಯಂಸೇವಕರು, ಪತ್ರಕರ್ತರು, ನಿರೂಪಕರು. ಪ್ರಾಯೋಜಕರು ಏಳೆಂಟು ಜನ ಇದ್ದರೆ ಟ್ರೋಫಿ ಕೊಟ್ಟವರು, ಊಟಕ್ಕೆ ಸಹಾಯ ಮಾಡಿದವರು ಎಂದು ಗುಂಪು ಮಾಡಿ. ಯಾರೆಷ್ಟು ಹಣ ಕೊಟ್ಟರು ಎಂದು ಹೇಳುವುದು ಬೇಡ.

ಕೊನೆಯ ಜಾಗ ಆಟಗಾರರು ಮತ್ತು ಪೋಷಕರದು. ಅದನ್ನು "ಹಾಗೂ ಎಲ್ಲ ಆಟಗಾರರಿಗೂ" ಎಂದು ಒಂದು ಉಸಿರಿನಲ್ಲಿ ಮುಗಿಸುವುದು ನನಗೆ ತೀರಾ ಬೇಸರ ತರುವ ತಪ್ಪು. ನಾಕೌಟ್ ಆಟದಲ್ಲಿ ಸೋತವರು ಬೇಗ ಮನೆಗೆ ಹೋಗುತ್ತಾರೆ. ಸ್ವಿಸ್ ಪದ್ಧತಿಯಲ್ಲಿ ಯಾರೂ ಹೊರಬೀಳುವುದಿಲ್ಲ, ಐದು ಸುತ್ತು ಸೋತ ಮಗುವೂ ಆರನೇ ಸುತ್ತು ಆಡುತ್ತದೆ. ನಮ್ಮ ಉದಾಹರಣೆಯಲ್ಲಿ 30 ಟ್ರೋಫಿ ಅಂದರೆ 90 ಮಕ್ಕಳು ಬರಿಗೈಯಲ್ಲಿ ಹೋಗುತ್ತಾರೆ. ನಿಮ್ಮ ಎದುರು ಕೂತವರಲ್ಲಿ ಅವರೇ ಜಾಸ್ತಿ. ಅವರು ಎದ್ದು ಹೋಗಿದ್ದರೆ ಎದುರಾಳಿ ಖಾಲಿ ಕುರ್ಚಿಯ ಮುಂದೆ ಕೂರಬೇಕಿತ್ತು, ಟೂರ್ನಿ ಕಳೆ ಕಳೆದುಕೊಳ್ಳುತ್ತಿತ್ತು. ಅದನ್ನು ಬಾಯಿಬಿಟ್ಟು ಹೇಳಿ.

## ಹಂತ 5: ಬರೆಯುವುದು

ಐದನೇ ಸುತ್ತು ನಡೆಯುವಾಗ ಬರೆಯಲು ಕೂತುಕೊಳ್ಳಿ. ಪ್ರತಿ ಹೆಸರಿನ ಜೊತೆ ಮಾಡಿದ ಕೆಲಸ ಒಂದೇ ವಾಕ್ಯದಲ್ಲಿ. "ಹೃತ್ಪೂರ್ವಕ", "ಅನಂತಾನಂತ" ಎಂಬ ವಿಶೇಷಣಗಳನ್ನು ಹೊಡೆದು ಹಾಕಿದರೆ ಆ ಜಾಗದಲ್ಲಿ ಇನ್ನೂ ಇಬ್ಬರ ಹೆಸರು ಹಿಡಿಸುತ್ತದೆ. ಪ್ರತಿ ವಾಕ್ಯವೂ "ಧನ್ಯವಾದಗಳು" ಎಂದೇ ಮುಗಿಯಬಾರದು. ಏಳನೇ ಸಲಕ್ಕೆ ಆ ಪದ ಯಾರ ಕಿವಿಗೂ ಬೀಳುವುದಿಲ್ಲ.

ನಮ್ಮ ಉದಾಹರಣೆಗೆ ಮಾತು ಹೀಗಿರಬಹುದು. ಗೆರೆ ಇರುವಲ್ಲಿ ಹೆಸರು ತುಂಬಿಸಿ.

> ಎಲ್ಲರಿಗೂ ನಮಸ್ಕಾರ. ಅಂತಿಮ ಪಟ್ಟಿ ಸಿದ್ಧವಾಗುತ್ತಿದೆ, ಬಹುಮಾನ ವಿತರಣೆ ಈಗಲೇ ಇದೆ. ಅದಕ್ಕೆ ಮೊದಲು ಮೂರೇ ನಿಮಿಷ.
>
> ಸಭೆಯ ಅಧ್ಯಕ್ಷತೆ ವಹಿಸಿದ ಶ್ರೀ ______ ಅವರಿಗೆ, ಮುಖ್ಯ ಅತಿಥಿಗಳಾಗಿ ಬಂದು ಮಕ್ಕಳ ಬೋರ್ಡಿನ ಪಕ್ಕ ನಿಂತು ಆಟ ನೋಡಿದ ಶ್ರೀಮತಿ ______ ಅವರಿಗೆ ಸಂಘಟಕರ ಪರವಾಗಿ ಧನ್ಯವಾದಗಳು.
>
> ಇವತ್ತು 6 ಸುತ್ತು ನಡೆಯಿತು. ಪ್ರತಿ ಸುತ್ತಿಗೂ 60 ಜೋಡಿ ಮಾಡಿ, 60 ಫಲಿತಾಂಶ ಬರೆದವರು ಮುಖ್ಯ ಆರ್ಬಿಟರ್ ______ ಮತ್ತು ಅವರ ಜೊತೆಗಿದ್ದ ______, ______. ಕೈ ಎತ್ತಿದ ಪ್ರತಿ ಮಗುವಿನ ಬಳಿ ಹೋಗಿ, ಬಗ್ಗಿ ನಿಂತು ಕೇಳಿಸಿಕೊಂಡಿದ್ದೀರಿ. ನಿಮಗೆ ನಾವು ಋಣಿಗಳು.
>
> ಭಾನುವಾರವಾದರೂ ಶಾಲೆಯ ಬಾಗಿಲು ತೆರೆದು ಕೊಟ್ಟ ಮುಖ್ಯೋಪಾಧ್ಯಾಯರಾದ ______, ಬೆಳಗ್ಗೆ ಆರಕ್ಕೇ ಬಂದು ಮೇಜು ಹಾಕಿದ ದೈಹಿಕ ಶಿಕ್ಷಕರಾದ ______ ಇಲ್ಲದಿದ್ದರೆ ನಾವು ಕೂರಲು ಜಾಗವೇ ಇರಲಿಲ್ಲ. ಟ್ರೋಫಿಗಳನ್ನು ಕೊಟ್ಟವರು ______. ಬೋರ್ಡು, ಗಡಿಯಾರಗಳನ್ನು ವಿರಾಜಪೇಟೆಯಿಂದ ತಂದುಕೊಟ್ಟವರು ______. ಮಧ್ಯಾಹ್ನ ಕರೆಂಟ್ ಹೋದಾಗ ಐದೇ ನಿಮಿಷದಲ್ಲಿ ಜನರೇಟರ್ ಹಾಕಿದವರು ______. ಬಿಸಿ ಊಟ ಬಡಿಸಿದ ______ ಮತ್ತು ಬಳಗಕ್ಕೆ ಒಂದು ಜೋರು ಚಪ್ಪಾಳೆ ಕೊಡೋಣ.
>
> ಕೊನೆಯದಾಗಿ ಮಕ್ಕಳೇ, ನಿಮಗೆ. ಟ್ರೋಫಿ 30 ಇವೆ, ನೀವು 120 ಜನ ಇದ್ದೀರಿ. ಮೊದಲ ಬೋರ್ಡಿನಿಂದ ಅರವತ್ತನೇ ಬೋರ್ಡಿನವರೆಗೆ, ಸೋತ ಮೇಲೂ ಎದ್ದು ಹೋಗದೆ ಮುಂದಿನ ಸುತ್ತಿಗೆ ಬಂದು ಕೂತಿದ್ದೀರಿ. ನೀವು ಕೂತಿದ್ದರಿಂದಲೇ ಎದುರಿಗಿದ್ದವರಿಗೆ ಆಟ ಸಿಕ್ಕಿತು. ದಿನವಿಡೀ ಹೊರಗೆ ಕಾದ ಅಪ್ಪ ಅಮ್ಮಂದಿರಿಗೆ, ಅಜ್ಜ ಅಜ್ಜಿಯರಿಗೆ, ಕರೆತಂದ ಶಿಕ್ಷಕರಿಗೆ ನಮ್ಮ ನಮಸ್ಕಾರ. ಇನ್ನು ಬಹುಮಾನ ವಿತರಣೆ.

ಗಮನಿಸಿ, ಇದರಲ್ಲಿ ಒಂದೂ ಅಲಂಕಾರವಿಲ್ಲ. "ಬಗ್ಗಿ ನಿಂತು ಕೇಳಿಸಿಕೊಂಡಿದ್ದೀರಿ" ಎಂಬಂಥ ಒಂದೇ ಒಂದು ಕಂಡ ಸಂಗತಿ ಸಾಕು. ಅದು ನಿಮ್ಮ ಟೂರ್ನಿಯಲ್ಲಿ ನಡೆದದ್ದೇ ಆಗಿರಬೇಕು. ಇಲ್ಲಿಂದ ನಕಲು ಮಾಡಬೇಡಿ. ಅತಿಥಿಗಳು ಬೋರ್ಡಿನ ಹತ್ತಿರವೇ ಹೋಗಿರದಿದ್ದರೆ ಆ ಸಾಲು ಸುಳ್ಳಾಗುತ್ತದೆ.

ಒಂದೂವರೆ ನಿಮಿಷಕ್ಕೆ ಇಳಿಸಬೇಕಾದರೆ ಕೊನೆಯ ಭಾಗ ಮುಟ್ಟಬೇಡಿ. ಹೆಸರುಗಳನ್ನೂ ಬಿಡಬೇಡಿ. ಆರ್ಬಿಟರ್, ಶಾಲೆ, ಊಟದ ಸಾಲುಗಳಲ್ಲಿರುವ ವಿವರಣೆಯನ್ನು ಮೊಟಕು ಮಾಡಿ.

## ಹಂತ 6: ಕೊನೆಯ ಸುತ್ತಿನ ಹೊತ್ತಿಗೆ ತಿದ್ದುಪಡಿ

ಆರನೇ ಸುತ್ತು ನಡೆಯುವಾಗ ಆಮಂತ್ರಣ ಪತ್ರಿಕೆಯನ್ನು ವೇದಿಕೆಯ ಕುರ್ಚಿಗಳ ಜೊತೆ ತಾಳೆ ನೋಡಿ. ಹೆಸರು ಅಚ್ಚಾಗಿದ್ದು ಬಾರದವರನ್ನು ಹೊಡೆದು ಹಾಕಿ. ಅವರ ಬದಲಿಗೆ ಬಂದವರನ್ನು ಸೇರಿಸಿ. ತಡವಾಗಿ ಬಂದ ಅತಿಥಿಗಳಿಗೆ "ಬಿಡುವಿಲ್ಲದಿದ್ದರೂ ತಡವಾಗಿಯಾದರೂ ಬಂದ" ಎಂದು ಹೇಳಬೇಡಿ, ಅದು ಚುಚ್ಚಿದ ಹಾಗೆ ಕೇಳಿಸುತ್ತದೆ. "ನಮ್ಮ ಜೊತೆ ಇರುವ" ಅಂದರೆ ಸಾಕು.

ಇನ್ನೊಂದು ಎಚ್ಚರ ಚೆಸ್‌ಗೇ ಸೇರಿದ್ದು. ಸಮ ಅಂಕ ಬಂದಾಗ ಟೈ ಬ್ರೇಕ್ ನೋಡಿ ಸ್ಥಾನ ಕೊಡುತ್ತಾರೆ. ಸಾಮಾನ್ಯವಾಗಿ ಬಳಸುವ ಬುಖೋಲ್ಜ್ ಲೆಕ್ಕದಲ್ಲಿ, ಒಬ್ಬ ಆಟಗಾರ ಎದುರಿಸಿದವರೆಲ್ಲ ಗಳಿಸಿದ ಅಂಕಗಳನ್ನು ಕೂಡಿಸುತ್ತಾರೆ. ಗಟ್ಟಿ ಎದುರಾಳಿಗಳ ಜೊತೆ ಆಡಿದವರು ಮುಂದೆ ಬರುತ್ತಾರೆ. ಹೀಗಾಗಿ 5 ಅಂಕ ಗಳಿಸಿದ ಇಬ್ಬರಲ್ಲಿ ಒಬ್ಬನಿಗೆ ಟ್ರೋಫಿ ಸಿಕ್ಕಿ ಇನ್ನೊಬ್ಬನಿಗೆ ಸಿಗದಿರಬಹುದು. ಪಟ್ಟಿ ಗೋಡೆಗೆ ಅಂಟಿಸಿದ ಕೂಡಲೇ ಪೋಷಕರು ಆರ್ಬಿಟರ್ ಮೇಜಿನ ಸುತ್ತ ಸೇರುತ್ತಾರೆ. ಅಲ್ಲಿ ಗುಂಪು ಕಂಡರೆ ನಿಮ್ಮ ಮಾತಿನಲ್ಲಿ "ಯಾವ ತಕರಾರೂ ಇಲ್ಲದೆ ನಡೆಯಿತು" ಎಂಬ ಸಾಲನ್ನು ಆಗಲೇ ಅಳಿಸಿ. ಆಕ್ಷೇಪ ಬಾಕಿ ಇರುವಾಗ ಆ ಮಾತು ಗಾಯಕ್ಕೆ ಉಪ್ಪು. ಗೆದ್ದವರ ಹೆಸರನ್ನೂ ವಂದನಾರ್ಪಣೆಯಲ್ಲಿ ಹೇಳಬೇಡಿ. ಪಟ್ಟಿ ಕೊನೆ ಗಳಿಗೆಯಲ್ಲಿ ಬದಲಾಗಬಹುದು, ಅಲ್ವಾ? ಫಲಿತಾಂಶ ಹೇಳುವುದು ಮುಖ್ಯ ಆರ್ಬಿಟರ್ ಕೆಲಸ.

ಸ್ವಯಂಸೇವಕರ ಹತ್ತಿರವೂ ಒಂದು ಮಾತು ಆಡಿ. ಕೊನೆಯ ಸುತ್ತು ಮುಗಿದ ಕೂಡಲೇ ಅವರು ಕಾಯಿ ಎಣಿಸಲು ಶುರು ಮಾಡುತ್ತಾರೆ. ಒಂದು ಸೆಟ್ಟಿಗೆ 32, 60 ಸೆಟ್ಟಿಗೆ 1,920 ಕಾಯಿ. ಡಬ್ಬಿಗೆ ಸುರಿಯುವ ಸದ್ದಿಗೆ ಮೈಕೇ ಕೇಳಿಸುವುದಿಲ್ಲ. ಮೂರು ನಿಮಿಷ ನಿಲ್ಲಿಸಿ, ಅಥವಾ ಪಕ್ಕದ ಕೋಣೆಗೆ ಒಯ್ಯಿರಿ ಎಂದು ಮೊದಲೇ ಕೇಳಿಕೊಳ್ಳಿ.

## ಹಂತ 7: ಮೈಕಿನ ಮುಂದೆ

ದಿನವಿಡೀ ಮೌನವಾಗಿ ಕೂತ ಮಕ್ಕಳು ಈಗ ಗಲಾಟೆ ಮಾಡುತ್ತಾರೆ. ಅವರನ್ನು ಗದರಿಸಬೇಡಿ. "ಅಂತಿಮ ಪಟ್ಟಿ ಸಿದ್ಧವಾಗುತ್ತಿದೆ" ಎಂಬ ಮೊದಲ ಸಾಲಿಗೇ ಹೆಚ್ಚಿನವರು ತಿರುಗಿ ನೋಡುತ್ತಾರೆ. ಆ ಸಾಲನ್ನು ಅಲ್ಲಿ ಇಟ್ಟದ್ದೇ ಇದಕ್ಕೆ. ಹೆಸರು ಹೇಳಿದ ಮೇಲೆ ಒಂದು ಕ್ಷಣ ನಿಂತು ಅವರ ಕಡೆ ನೋಡಿ. ಪ್ರತಿ ಹೆಸರಿಗೂ ಚಪ್ಪಾಳೆ ಕೇಳಿದರೆ ಮೂರು ನಿಮಿಷ ಆರಾಗುತ್ತದೆ. ಅಡುಗೆಯವರಿಗೆ ಒಮ್ಮೆ, ಮಕ್ಕಳಿಗೆ ಒಮ್ಮೆ ಸಾಕು.

ಪೋಷಕರು ಚೀಲ ಹೆಗಲಿಗೆ ಹಾಕಿಕೊಂಡು ಎದ್ದರೆ, ಅಥವಾ ಸಹ ಆರ್ಬಿಟರ್ ಪಟ್ಟಿ ಹಿಡಿದು ವೇದಿಕೆಯ ಪಕ್ಕ ಬಂದು ನಿಂತರೆ, ಪೆನ್ಸಿಲ್ ಗೆರೆಯ ಸಾಲುಗಳನ್ನು ಹಾರಿಸಿ ಮಕ್ಕಳ ಭಾಗಕ್ಕೆ ಹೋಗಿಬಿಡಿ.

## ಹೆಸರು ಬಿಟ್ಟುಹೋದರೆ

ಮಾತಾಡುತ್ತಿರುವಾಗಲೇ ನೆನಪಾದರೆ "ಮುಖ್ಯವಾದ ಒಂದು ಹೆಸರು ಉಳಿದಿದೆ" ಎಂದು ಹೇಳಿ ಸೇರಿಸಿ. "ಮರೆತೇ ಬಿಟ್ಟಿದ್ದೆ" ಅನ್ನಬೇಡಿ. ಇಳಿದ ಮೇಲೆ ನೆನಪಾದರೆ, ಬಹುಮಾನ ವಿತರಣೆ ಇನ್ನೂ ನಡೆಯುತ್ತಿದ್ದರೆ, ನಿರೂಪಕರಿಗೆ ಚೀಟಿ ಕೊಡಿ. ಎರಡು ವಯೋವರ್ಗಗಳ ನಡುವೆ ಅವರೇ ಒಂದು ಸಾಲು ಹೇಳುತ್ತಾರೆ. ರಾಷ್ಟ್ರಗೀತೆ ಆದ ಮೇಲೆ ಮಾತ್ರ ಮತ್ತೆ ಮೈಕ್ ಹಿಡಿಯಬೇಡಿ. ಅದೇ ರಾತ್ರಿ ಅವರಿಗೆ ಫೋನ್ ಮಾಡಿ, ಟೂರ್ನಿಯ ವಾಟ್ಸಾಪ್ ಗುಂಪಿನಲ್ಲಿ ಅವರ ಹೆಸರು, ಅವರು ಮಾಡಿದ ಕೆಲಸ ಎರಡನ್ನೂ ಬರೆಯಿರಿ. ಪತ್ರಿಕೆಗೆ ವರದಿ ಕಳುಹಿಸುವವರಿಗೂ ಆ ಹೆಸರನ್ನು ತಲುಪಿಸಿ.